ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಅರ್ಧ ಗಂಟೆ: ವಿದೇಶಕ್ಕೆ ಹೋದವರ ಅಕೌಂಟ್ ಲಾಕ್ ಆಗೋದರ ಹಿಂದಿನ ಕಥೆ

ಪುಣೆಯಲ್ಲೋ ಹೈದರಾಬಾದಿನಲ್ಲೋ ನಾಲ್ಕಾರು ವರ್ಷ ಕೆಲಸ ಮಾಡಿ, ಆಮೇಲೆ ಆನ್‌ಸೈಟ್ ಅಂತಲೋ ಎಂಎಸ್ ಅಂತಲೋ ವಿಮಾನ ಹತ್ತಿದ ಸ್ನೇಹಿತರು ನಮಗೆಲ್ಲ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇಳಿದ ಮಾರನೇ ದಿನ ಮೆಸೇಜ್ ಹಾಕಿರ್ತಾರೆ: "ಮೇಲ್ ಲಾಕ್ ಆಗಿದೆ, ಓಟಿಪಿ ಬರ್ತಿಲ್ಲ, ಏನ್ ಮಾಡ್ಲಿ?" ಪಾಸ್‌ವರ್ಡ್ ಸರಿಯಾಗಿದೆ, ಹಾಕ್ತಿರೋದು ಅಕೌಂಟಿನ ಯಜಮಾನರೇ. ಆದರೂ ಬಾಗಿಲು ತೆಗೆಯಲ್ಲ. ಈ ಹಠ ಕಂಪ್ಯೂಟರಿಗೆ ಯಾವಾಗ ಬಂತು, ಯಾರು ಕಲಿಸಿದರು ಅನ್ನೋದೇ ಇವತ್ತಿನ ವಿಷಯ.

ಕಥೆ ಶುರುವಾಗೋದು 1986ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬಿನಲ್ಲಿ. ಕ್ಲಿಫರ್ಡ್ ಸ್ಟಾಲ್ ಅಂತ ಒಬ್ಬ ಖಗೋಳ ವಿಜ್ಞಾನಿ. ದೂರದರ್ಶಕದ ಕೆಲಸಕ್ಕೆ ದುಡ್ಡು ಮುಗಿದಿದ್ದರಿಂದ ಕಂಪ್ಯೂಟರ್ ವಿಭಾಗಕ್ಕೆ ಬಂದು ಕೂತಿದ್ದ. ಆಗ ಕಂಪ್ಯೂಟರ್ ಬಳಸಿದ ಸಮಯಕ್ಕೂ ಬಿಲ್ ಹಾಕುತ್ತಿದ್ದರು. ಆ ಬಿಲ್ಲಿನಲ್ಲಿ 75 ಸೆಂಟ್ ತಾಳೆ ಆಗುತ್ತಿಲ್ಲ, ಯಾಕೆ ನೋಡು ಅಂತ ಇವನಿಗೆ ಕೊಟ್ಟರು. ನಮ್ಮಲ್ಲಿ ಹೊಸ ಜಾಯಿನಿಗೆ ಯಾರೂ ಮುಟ್ಟದ ಬಗ್ ಕೊಡ್ತೀವಲ್ಲ, ಹಾಗೆ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲೆಕ್ಕದ ತಪ್ಪಲ್ಲ. ಯಾರೋ ಹೊರಗಿನವರು ಲ್ಯಾಬಿನ ಯಂತ್ರದೊಳಗೆ ಓಡಾಡುತ್ತಿದ್ದರು. ಅವರು ಬಳಸುತ್ತಿದ್ದ ಅಕೌಂಟುಗಳಲ್ಲಿ ಒಂದು ಸ್ವೆಂಟೆಕ್ ಅನ್ನುವವರದ್ದು. ಸ್ವೆಂಟೆಕ್ ನುರಿತ ಯುನಿಕ್ಸ್ ಪ್ರೋಗ್ರಾಮರ್, ಲ್ಯಾಬಿನವರಿಗೆಲ್ಲ ಗೊತ್ತಿದ್ದವರು. ಆದರೆ ಅವರು ಆಗ ಬರ್ಕ್ಲಿಯಲ್ಲಿ ಇರಲೇ ಇಲ್ಲ, ಕೆಲಸದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿದ್ದರು. ಮನುಷ್ಯ ಅಲ್ಲಿ, ಅವನ ಹೆಸರಿನಲ್ಲಿ ಲಾಗಿನ್ ಇಲ್ಲಿ. ಸ್ಟಾಲ್‌ಗೆ ಅನುಮಾನ ಗಟ್ಟಿಯಾಗಿದ್ದೇ ಇಂಥ ಸುಳಿವುಗಳಿಂದ.

ಇಲ್ಲಿ ಒಂದು ವಿಷಯ ಗಮನಿಸಿ. ಇದನ್ನು ಹಿಡಿದದ್ದು ಯಾವ ಸಾಫ್ಟ್‌ವೇರೂ ಅಲ್ಲ, ಆ ಮನುಷ್ಯ ಊರಲ್ಲಿಲ್ಲ ಅಂತ ಗೊತ್ತಿದ್ದ ಸಹೋದ್ಯೋಗಿಗಳು. ಯಂತ್ರಕ್ಕೆ ಸ್ವೆಂಟೆಕ್ ಅಂದರೆ ಒಂದು ಹೆಸರು, ಒಂದು ಪಾಸ್‌ವರ್ಡ್, ಅಷ್ಟೇ. ಆಮೇಲೆ ಸ್ಟಾಲ್ ತಿಂಗಳುಗಟ್ಟಲೆ ಪ್ರಿಂಟರ್ ಕಟ್ಟಿಕೊಂಡು ಕಾದ. ಹ್ಯಾಕರ್ ಎಷ್ಟು ದೂರದಲ್ಲಿದ್ದಾನೆ ಅಂತ ತಿಳಿಯೋಕೆ, ಕಳಿಸಿದ ಡೇಟಾಗೆ ಉತ್ತರ ಬರಲು ಹಿಡಿಯುವ ಸಮಯ ಅಳೆದು ಗುಣಿಸಿ ನೋಡಿದ. ಮೊದಲ ಲೆಕ್ಕದ ಪ್ರಕಾರ ಹ್ಯಾಕರ್ ಚಂದ್ರನ ಮೇಲಿದ್ದ! ದಾರಿಯಲ್ಲಿನ ಯಂತ್ರಗಳು ತಿನ್ನುವ ಸಮಯವನ್ನು ಸರಿದೂಗಿಸಿದ ಮೇಲೆ ಯೂರೋಪಿನ ದೂರಕ್ಕೆ ಹತ್ತಿರ ಬಂತು. ಕೊನೆಗೆ ಸಿಕ್ಕಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕಸ್ ಹೆಸ್. ಕದ್ದ ಮಾಹಿತಿ ಸೋವಿಯತ್ ಕೆಜಿಬಿಗೆ ಹೋಗುತ್ತಿತ್ತು.

ಸುಮಾರು ಅದೇ ಹೊತ್ತಿಗೆ, ಈ ಗಲಾಟೆಗೆ ಸಂಬಂಧವಿಲ್ಲದೆ, ಡೊರೊಥಿ ಡೆನ್ನಿಂಗ್ ಅನ್ನೋ ವಿಜ್ಞಾನಿ ಆ ಸಹೋದ್ಯೋಗಿಗಳ ಅನುಮಾನವನ್ನೇ ಗಣಿತ ಮಾಡಿ ಬರೆಯುತ್ತಿದ್ದರು. 1987ರಲ್ಲಿ ಐಇಇಇ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ ಇವತ್ತಿಗೂ ಇಂಟ್ರೂಷನ್ ಡಿಟೆಕ್ಷನ್ ಓದುವವರಿಗೆ ಮೊದಲ ಪಾಠ. ಅದರ ಸಾರ ಇಷ್ಟು: ಪ್ರತಿ ಬಳಕೆದಾರನಿಗೂ ಒಂದು ರೂಢಿ ಇರುತ್ತೆ, ಅದನ್ನು ಅಂಕಿಗಳಲ್ಲಿ ಬರೆದಿಟ್ಟುಕೊಂಡು, ರೂಢಿ ತಪ್ಪಿದಾಗ ಎಚ್ಚರಿಸು. ಅವರು ಪಟ್ಟಿ ಮಾಡಿದ ಅಳತೆಗಳಲ್ಲಿ ಎರಡು ನಮ್ಮ ಕಥೆಗೆ ನೇರವಾಗಿ ಬೇಕು. ಒಂದು, ಈ ಮನುಷ್ಯ ಯಾವ ಯಾವ ಜಾಗದಿಂದ ಎಷ್ಟು ಸಲ ಲಾಗಿನ್ ಆಗುತ್ತಾನೆ ಅನ್ನೋದು. ಎಂದೂ ಬಾರದ ಜಾಗದಿಂದ ಬಂದರೆ ವೇಷಧಾರಿ ಇರಬಹುದು. ಇನ್ನೊಂದು, ಕೊನೆಯ ಲಾಗಿನ್ ಆಗಿ ಎಷ್ಟು ದಿನವಾಯಿತು ಅನ್ನೋದು. ಸತ್ತಂತಿದ್ದ ಅಕೌಂಟ್ ಇದ್ದಕ್ಕಿದ್ದಂತೆ ಎದ್ದು ಕೂತರೆ ಅದೂ ಅನುಮಾನ.

ಅಂದರೆ ಈ ಮಾದರಿ "ಇವನು ಕಳ್ಳ" ಅಂತ ಹೇಳಲ್ಲ. "ಇವನು ನೆನ್ನೆಯವನ ಥರ ಇಲ್ಲ" ಅಂತ ಮಾತ್ರ ಹೇಳುತ್ತೆ. ನನ್ನ ಮಟ್ಟಿಗೆ ಇಡೀ ಸಮಸ್ಯೆ ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿದೆ. ವಿದೇಶಕ್ಕೆ ಹೋದವನು ಕಳ್ಳನಲ್ಲ, ಆದರೆ ನೆನ್ನೆಯವನ ಥರ ಖಂಡಿತ ಇಲ್ಲ.

ಡೆನ್ನಿಂಗ್ ಕಾಲದಲ್ಲಿ "ಜಾಗ" ಅಂದರೆ ಯಾವ ಟರ್ಮಿನಲ್, ಯಾವ ಲೈನ್ ಅಂತಷ್ಟೇ. ಐಪಿ ವಿಳಾಸ ನೋಡಿ ಊರು ಹೇಳೋ ವ್ಯಾಪಾರ ಆಮೇಲೆ ಬಂತು. ಅದರಲ್ಲಿ ಹೆಸರು ಮಾಡಿದ ಮ್ಯಾಕ್ಸ್‌ಮೈಂಡ್ ಕಂಪನಿ ಶುರುವಾದದ್ದು 2002ರಲ್ಲಿ. 2005ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ಯಾಂಕ್ ನಿಯಂತ್ರಕರ ಒಕ್ಕೂಟ, ಹೆಚ್ಚು ಅಪಾಯವಿರುವ ಆನ್‌ಲೈನ್ ವ್ಯವಹಾರಕ್ಕೆ ಬರೀ ಪಾಸ್‌ವರ್ಡ್ ಸಾಲದು ಅಂತ ಬ್ಯಾಂಕುಗಳಿಗೆ ಹೇಳಿತು. ಎಲ್ಲ ಗ್ರಾಹಕರ ಕೈಗೂ ಒಂದೊಂದು ಟೋಕನ್ ಯಂತ್ರ ಕೊಡೋದು ದುಬಾರಿ. ಹಾಗಾಗಿ ಬಹಳ ಬ್ಯಾಂಕುಗಳು ಹಿಂದಿನಿಂದ ನಿಂತು ನೋಡೋ ದಾರಿ ಹಿಡಿದವು: ಅದೇ ಕಂಪ್ಯೂಟರಾ, ಅದೇ ಊರಾ? ಹೌದಾದರೆ ಸುಮ್ಮನೆ ಬಿಡು, ಇಲ್ಲಾಂದ್ರೆ ಇನ್ನೊಂದು ಪ್ರಶ್ನೆ ಕೇಳು.

ಇಲ್ಲೊಂದು ಮಾತು ಹೇಳಲೇಬೇಕು. ಐಪಿಯಿಂದ ಊರು ಹೇಳೋದು ಅಂದಾಜು, ಅಳತೆ ಅಲ್ಲ. ಕನ್ಸಾಸ್‌ನ ಪಾಟ್ವಿನ್ ಅನ್ನೋ ಹಳ್ಳಿ ಹತ್ತಿರದ ಒಂದು ತೋಟದ ಮನೆಗೆ ವರ್ಷಗಟ್ಟಲೆ ಪೊಲೀಸರು, ವಂಚನೆಗೆ ಸಿಕ್ಕವರು, ಸಿಟ್ಟಿಗೆದ್ದವರು ಬರುತ್ತಲೇ ಇದ್ದರು. ಕಾರಣ, "ಅಮೆರಿಕದಲ್ಲಿ ಎಲ್ಲೋ ಇದೆ, ಎಲ್ಲಿ ಅಂತ ಗೊತ್ತಿಲ್ಲ" ಅನ್ನುವ ಐಪಿಗಳಿಗೆಲ್ಲ ಮ್ಯಾಕ್ಸ್‌ಮೈಂಡ್ ದೇಶದ ನಡುಭಾಗದ ಒಂದು ದುಂಡು ಸಂಖ್ಯೆ ಕೊಟ್ಟಿತ್ತು, 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ. ಅದು ಬಿದ್ದದ್ದು ಆ ಮನೆ ಅಂಗಳದಲ್ಲಿ. 2016ರಲ್ಲಿ ಪತ್ರಕರ್ತೆ ಕಶ್ಮೀರ್ ಹಿಲ್ ಇದನ್ನು ಬಯಲಿಗೆ ತಂದಾಗ ಅರವತ್ತು ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಒಂದೇ ಬಿಂದುವಿಗೆ ಅಂಟಿಕೊಂಡಿದ್ದವು. ನಮ್ಮ ಕಡೆಯೂ ದಾವಣಗೆರೆ ಮನೆಯ ಬ್ರಾಡ್‌ಬ್ಯಾಂಡ್ ಬೆಂಗಳೂರು ಅಂತಲೋ ಮುಂಬೈ ಅಂತಲೋ ತೋರಿಸೋದು ನೀವೇ ನೋಡಿರ್ತೀರಿ. ದೇಶದ ಮಟ್ಟಕ್ಕೆ ಈ ಅಂದಾಜು ಹೆಚ್ಚಾಗಿ ಸರಿ ಇರುತ್ತೆ, ಊರಿನ ಮಟ್ಟಕ್ಕೆ ನಂಬೋ ಹಾಗಿಲ್ಲ.

ಈಗ ಮೇಲ್ ವಿಷಯಕ್ಕೆ ಬರೋಣ. 2010ರ ಜನವರಿಯಲ್ಲಿ ಗೂಗಲ್ ತನ್ನ ಮೇಲೆ ಚೀನಾದಿಂದ ದೊಡ್ಡ ದಾಳಿ ಆಗಿದೆ ಅಂತ ಹೇಳಿಕೊಂಡಿತು. ಅದೇ ವರ್ಷ ಮಾರ್ಚ್‌ನಲ್ಲಿ ಜಿಮೇಲ್‌ನ ನೆತ್ತಿಯ ಮೇಲೆ ಕೆಂಪು ಪಟ್ಟಿಯೊಂದು ಕಾಣಿಸಿಕೊಳ್ಳೋಕೆ ಶುರುವಾಯಿತು: ನಿಮ್ಮ ಅಕೌಂಟನ್ನು ಇಂಥ ದೇಶದಿಂದ ಯಾರೋ ತೆರೆದಂತಿದೆ, ನೋಡಿಕೊಳ್ಳಿ ಅಂತ. ಒಂದು ದೇಶದಲ್ಲಿ ಲಾಗಿನ್ ಆದ ಕೆಲವೇ ಗಂಟೆಗಳಲ್ಲಿ ದೂರದ ಇನ್ನೊಂದು ದೇಶದಿಂದ ಲಾಗಿನ್ ಆದರೆ ಈ ಪಟ್ಟಿ ಬರುತ್ತಿತ್ತು. ಗಮನಿಸಿ, ಅದು ತಡೆಯುತ್ತಿರಲಿಲ್ಲ, ಹೇಳುತ್ತಿತ್ತು ಅಷ್ಟೇ. ತೀರ್ಮಾನ ನಿಮ್ಮದು. ನಾನು ಟ್ರಿಪ್ ಹೋಗಿದ್ದೆ ಅಂದರೆ ಪಟ್ಟಿ ಮುಚ್ಚಿ ಮುಂದೆ ಹೋಗಬಹುದಿತ್ತು.

ಹೇಳೋದು ಯಾಕೆ ಸಾಲಲಿಲ್ಲ ಅನ್ನೋದಕ್ಕೆ 2011ರ ಒಂದು ಪ್ರಕರಣ ಪ್ರಸಿದ್ಧ. ಅಮೆರಿಕದ ಪತ್ರಕರ್ತ ಜೇಮ್ಸ್ ಫ್ಯಾಲೋಸ್ ಅವರ ಪತ್ನಿಯ ಜಿಮೇಲ್ ಕಳ್ಳರ ಕೈಗೆ ಹೋಯಿತು. ಅವರ ಪರಿಚಯದವರಿಗೆಲ್ಲ "ಮ್ಯಾಡ್ರಿಡ್‌ನಲ್ಲಿ ದರೋಡೆ ಆಗಿದೆ, ದುಡ್ಡು ಕಳಿಸಿ" ಅನ್ನೋ ಮೇಲ್ ಹೋಯಿತು. ಆರು ವರ್ಷದ ಪತ್ರ ವ್ಯವಹಾರ ಪೂರ್ತಿ ಅಳಿಸಿ ಹೋಗಿತ್ತು. ಫ್ಯಾಲೋಸ್ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಬರೆದರು. ಕಳ್ಳನಿಗೆ ಬೇಕಿರೋದು ಕೆಲವು ನಿಮಿಷ, ಯಜಮಾನ ಕೆಂಪು ಪಟ್ಟಿ ನೋಡೋದು ಮುಂದಿನ ಸಲ ಲಾಗಿನ್ ಆದಾಗ. ಅಷ್ಟರೊಳಗೆ ಪಾಸ್‌ವರ್ಡೇ ಬದಲಾಗಿದ್ದರೆ ಪಟ್ಟಿ ಕಾಣೋದು ಕಳ್ಳನಿಗೆ!

ಹಾಗಾಗಿ ತೀರ್ಮಾನ ಬಳಕೆದಾರನ ಕೈಯಿಂದ ಯಂತ್ರದ ಕೈಗೆ ಹೋಯಿತು. 2011ರ ಫೆಬ್ರವರಿಯಲ್ಲಿ ಟು ಸ್ಟೆಪ್ ವೆರಿಫಿಕೇಶನ್ ಎಲ್ಲ ಗೂಗಲ್ ಬಳಕೆದಾರರಿಗೂ ಸಿಕ್ಕಿತು. 2013ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಬ್ಲಾಗಿನಲ್ಲಿ, ಪ್ರತಿ ಲಾಗಿನ್ ಹೊತ್ತಿಗೂ 120ಕ್ಕಿಂತ ಹೆಚ್ಚು ಅಂಶಗಳನ್ನು ನೋಡಬಹುದು, ಹಿಂದಿನ ಲಾಗಿನ್‌ಗಿಂತ ಸಮುದ್ರದಾಚೆಯ ದೇಶದಿಂದ ಬಂದರೆ ಪಾಸ್‌ವರ್ಡ್ ಸರಿ ಇದ್ದರೂ ಪ್ರಶ್ನೆ ಕೇಳುತ್ತೇವೆ ಅಂತ ಬರೆಯಿತು. 2011ರ ತುತ್ತತುದಿಗೆ ಹೋಲಿಸಿದರೆ ಕಳ್ಳತನವಾದ ಅಕೌಂಟುಗಳ ಸಂಖ್ಯೆ 99.7 ಶೇಕಡಾ ಇಳಿದಿದೆ ಅಂತಲೂ ಹೇಳಿತು. ಇದು ಸಣ್ಣ ಸಾಧನೆ ಅಲ್ಲ. ಲಾಕ್ ಆದವರು ಬೈಯೋ ಮುಂಚೆ ಈ ಅಂಕಿ ನೆನಪಿಟ್ಟುಕೊಂಡರೆ ಒಳ್ಳೇದು.

ಸರಿ, ಈಗ ಒಂದು ಉದಾಹರಣೆ ಕಟ್ಟಿಕೊಂಡು ಒಳಗೆ ಏನಾಗುತ್ತೆ ನೋಡೋಣ. ದಾವಣಗೆರೆಯ ಒಬ್ಬ ಹುಡುಗಿ, ಬೆಂಗಳೂರಿನಿಂದ ಬೆಳಗಿನ ಜಾವ 3 ಗಂಟೆಗೆ ಹೊರಟು ಹತ್ತು ಗಂಟೆ ಹಾರಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತಾಳೆ. ಸೆಪ್ಟೆಂಬರ್ ಕೊನೆ. ಅಲ್ಲಿ ಬೆಳಗ್ಗೆ 9.30, ನಮ್ಮಲ್ಲಿ ಮಧ್ಯಾಹ್ನ 1. ಹೊರಡೋ ಮುಂಚೆ ವಿಮಾನ ನಿಲ್ದಾಣದಲ್ಲಿ ರಾತ್ರಿ 2ಕ್ಕೆ ಮೇಲ್ ನೋಡಿದ್ದಳು. ಇಳಿದು ಅಲ್ಲಿನ ವೈಫೈನಲ್ಲಿ ಲಾಗಿನ್ ಆದದ್ದು ನಮ್ಮ ಸಮಯ 1.20ಕ್ಕೆ. ಎರಡು ಊರಿನ ನೇರ ದೂರ ಸುಮಾರು 7,400 ಕಿಲೋಮೀಟರ್. ಯಂತ್ರ ಮಾಡೋದು ಪ್ರೈಮರಿ ಸ್ಕೂಲಿನ ಲೆಕ್ಕ, ದೂರ ಭಾಗಿಸು ಸಮಯ:

```
7400 km / 11.33 h ≈ 653 km/h
```

ಇದು ವಿಮಾನದ ವೇಗದೊಳಗೇ ಇದೆ. ಮನುಷ್ಯ ನಿಜವಾಗಿ ಪ್ರಯಾಣ ಮಾಡಿರಬಹುದು, ತೊಂದರೆ ಇಲ್ಲ. ಈಗ ಒಂದೇ ಒಂದು ವಿಷಯ ಸೇರಿಸಿ. ಅವಳ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿ ತಮ್ಮನ ಹತ್ತಿರ ಇದೆ. ಅಕ್ಕನ ಮೇಲಿನಲ್ಲಿರೋ ಒಂದು ಫೀಸ್ ರಸೀದಿ ಪ್ರಿಂಟ್ ತೆಗೆಯೋಕೆ ಅವನು 12.50ಕ್ಕೆ ಅವಳ ಪಾಸ್‌ವರ್ಡ್ ಹಾಕಿ ಒಳಗೆ ಹೋದ. ಮನೆಯ ಬ್ರಾಡ್‌ಬ್ಯಾಂಡ್ ಬೆಂಗಳೂರು ಅಂತ ತೋರಿಸಿತು.

```
7400 km / 0.5 h = 14800 km/h
```

ಅರ್ಧ ಗಂಟೆಯಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್! ಇಬ್ಬರಲ್ಲಿ ಒಬ್ಬರು ಸುಳ್ಳು. ಸೆಕ್ಯುರಿಟಿಯವರು ಇದಕ್ಕೆ ಇಂಪಾಸಿಬಲ್ ಟ್ರಾವೆಲ್ ಅಂತಾರೆ. ವಿಪಿಎನ್ ಕೂಡ ಇದನ್ನೇ ಮಾಡುತ್ತೆ. ನೀವು ಪುಣೆಯಲ್ಲಿ ಕೂತಿದ್ದೀರಿ, ಆಫೀಸಿನ ವಿಪಿಎನ್ ಸಿಂಗಾಪುರದಿಂದ ಹೊರಬರುತ್ತೆ, ಫೋನ್ ಮಾತ್ರ ಪುಣೆಯ ನೆಟ್‌ವರ್ಕಿನಲ್ಲಿದೆ. ಎರಡರ ನಡುವೆ ನೀವು ದಿನಕ್ಕೆ ಹತ್ತು ಸಲ ಹಾರಾಡ್ತಿರ್ತೀರಿ. ಹಾಗಾಗಿ ಒಳ್ಳೇ ವ್ಯವಸ್ಥೆಗಳು ಗೊತ್ತಿರುವ ವಿಪಿಎನ್‌ಗಳನ್ನು ಬದಿಗಿಟ್ಟು, ಮೊದಲು ನಿಮ್ಮ ರೂಢಿ ಕಲಿಯುತ್ತವೆ. ಕಂಪನಿ ಅಕೌಂಟುಗಳಿಗೆ ಮೈಕ್ರೋಸಾಫ್ಟ್ ಕೊಡುವ ಪತ್ತೆ ವ್ಯವಸ್ಥೆಯಲ್ಲಿ ಈ ಕಲಿಕೆಯ ಅವಧಿ 14 ದಿನ ಅಥವಾ 10 ಲಾಗಿನ್, ಯಾವುದು ಮೊದಲೋ ಅದು.

ತಮ್ಮ ಲಾಗಿನ್ ಆಗದೇ ಇದ್ದಿದ್ದರೂ ಆ ಹುಡುಗಿ ಪೂರ್ತಿ ಸೇಫ್ ಅಂತಲ್ಲ. ವೇಗ ಒಂದು ಅಂಶ ಮಾತ್ರ. ಅವಳು ಹೋಗೋ ಖುಷಿಯಲ್ಲಿ ಹೊಸ ಫೋನ್ ಕೊಂಡಿದ್ದಾಳೆ, ಹಾಗಾಗಿ ಡಿವೈಸ್ ಹೊಸದು. ದೇಶ ಹೊಸದು. ನೆಟ್‌ವರ್ಕ್ ಸಾವಿರಾರು ಅಪರಿಚಿತರು ಬಳಸೋ ವಿಮಾನ ನಿಲ್ದಾಣದ್ದು. ಬೇರೆ ಬೇರೆಯಾಗಿ ನೋಡಿದರೆ ಪ್ರತಿಯೊಂದೂ ಕ್ಷಮಿಸುವಂಥದ್ದೇ, ಒಂದೇ ನಿಮಿಷದಲ್ಲಿ ಮೂರೂ ಒಟ್ಟಿಗೆ ಬಂದರೆ ಅದು ಕಳ್ಳನ ನಿಖರ ಚಹರೆ. ಕಳ್ಳನ ಕೈಯಲ್ಲೂ ಇರೋದು ಸರಿಯಾದ ಪಾಸ್‌ವರ್ಡ್, ಹೊಸ ಯಂತ್ರ, ಬೇರೆ ದೇಶ.

ಆಗ ಯಂತ್ರ ಇನ್ನೊಂದು ಸಾಕ್ಷಿ ಕೇಳುತ್ತೆ. ಇಲ್ಲಿ ನಮ್ಮ ದೇಶದ ಚರಿತ್ರೆ ಬಂದು ಸೇರಿಕೊಳ್ಳುತ್ತೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2009ರ ಆಗಸ್ಟ್ 1ರಿಂದ ಆನ್‌ಲೈನ್‌ನಲ್ಲಿ ಕಾರ್ಡ್ ಬಳಸೋಕೆ ಕಾರ್ಡಿನ ಮೇಲೆ ಇರದ ಇನ್ನೊಂದು ಗುರುತು ಬೇಕಾಯಿತು. ಬರ್ತಾ ಬರ್ತಾ ಆ ಗುರುತು ಎಸ್‌ಎಂಎಸ್ ಓಟಿಪಿ ಆಗಿ ನಿಂತಿತು. ಆಮೇಲೆ ಬ್ಯಾಂಕ್, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲದಕ್ಕೂ ಮೊಬೈಲ್ ನಂಬರೇ ನಾವು ಅನ್ನೋ ಹಾಗಾಯ್ತು. ಮೇಲ್‌ಗೂ ನಾವು ಅದನ್ನೇ ಕೊಟ್ಟಿದ್ದೀವಿ. ನಂಬರ್ ನಮ್ಮ ಜೊತೆ ದೇಶ ಬಿಟ್ಟು ಬರುತ್ತೋ ಇಲ್ಲವೋ ಅಂತ ಆಗ ಯಾರೂ ಯೋಚನೆ ಮಾಡಿರಲಿಲ್ಲ.

2019ರ ಮೇ ತಿಂಗಳಲ್ಲಿ ಗೂಗಲ್ ಎರಡು ಅಮೆರಿಕನ್ ವಿಶ್ವವಿದ್ಯಾಲಯಗಳ ಜೊತೆ ಮಾಡಿದ ಅಧ್ಯಯನದ ಫಲಿತಾಂಶ ಹೇಳಿತು. ಫೋನಿಗೆ ಬರೋ ಎಸ್‌ಎಂಎಸ್ ಕೋಡ್ ಯಂತ್ರಗಳ ದಾಳಿಯನ್ನು ಪೂರ್ತಿ ತಡೆಯಿತು, ದೊಡ್ಡ ಪ್ರಮಾಣದ ಫಿಶಿಂಗ್ ದಾಳಿಯನ್ನು 96 ಶೇಕಡಾ ತಡೆಯಿತು. ಅದೇ ಬರಹದಲ್ಲಿ ಇನ್ನೊಂದು ಅಂಕಿ ಇದೆ, ಅದರ ಬಗ್ಗೆ ಮಾತು ಕಡಿಮೆ. ಪ್ರಶ್ನೆ ಕೇಳಿದ ಹೊತ್ತಿಗೆ 38 ಶೇಕಡಾ ಬಳಕೆದಾರರ ಕೈಯಲ್ಲಿ ಆ ಫೋನ್ ಇರಲಿಲ್ಲ. 34 ಶೇಕಡಾ ಜನರಿಗೆ ತಾವು ಕೊಟ್ಟಿದ್ದ ಎರಡನೇ ಮೇಲ್ ಯಾವುದು ಅನ್ನೋದೇ ನೆನಪಾಗಲಿಲ್ಲ. ಎಲ್ಲರಿಗೂ ಎಲ್ಲ ಲಾಗಿನ್‌ನಲ್ಲೂ ಪ್ರಶ್ನೆ ಕೇಳದೆ, ಅನುಮಾನ ಬಂದಾಗ ಮಾತ್ರ ಕೇಳೋದಕ್ಕೆ ಇದೇ ಕಾರಣ. ಊರಲ್ಲೇ ಇರುವವರಿಗೆ ಇದು ಅನುಕೂಲ. ಊರು ಬಿಟ್ಟವರಿಗೆ ಮಾತ್ರ, ಉತ್ತರ ಕೊಡೋಕೆ ಅತಿ ಕಷ್ಟವಿರುವ ದಿನವೇ ಪ್ರಶ್ನೆ ಬಂದು ನಿಲ್ಲುತ್ತೆ.

ನಮ್ಮ ಹುಡುಗಿಯ ಕಥೆ ನೋಡಿ. ಕೋಡ್ ಹೋದದ್ದು ಭಾರತದ ನಂಬರಿಗೆ, ಅದರಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿಲ್ಲ. ಎರಡನೇ ಮೇಲ್ ಬಿಇ ಕಾಲೇಜಿನದು, ಪಾಸಾದ ಮೇಲೆ ಕಾಲೇಜು ಅದನ್ನು ಮುಚ್ಚಿದೆ. ಗಾಬರಿಯಲ್ಲಿ ಐದಾರು ಸಲ ಮತ್ತೆ ಮತ್ತೆ ಪ್ರಯತ್ನ ಮಾಡ್ತಾಳೆ, ಪ್ರಯತ್ನ ಜಾಸ್ತಿ ಆಯ್ತು, ಆಮೇಲೆ ಬನ್ನಿ ಅನ್ನುತ್ತೆ. ಯಾರೋ ಹೇಳಿದರು ಅಂತ ಉಚಿತ ವಿಪಿಎನ್ ಹಾಕಿ ಇಂಡಿಯಾ ಆಯ್ಕೆ ಮಾಡ್ತಾಳೆ. ಇದರಿಂದ ಸಾಮಾನ್ಯವಾಗಿ ಕೆಡುಕೇ ಜಾಸ್ತಿ. ಆ ಐಪಿ ಮನೆಯದ್ದಲ್ಲ, ಯಾವುದೋ ಡೇಟಾ ಸೆಂಟರಿನದು, ಕಳ್ಳರೂ ಅದನ್ನೇ ಬಳಸೋದು.

ಇಂಥ ಸಂದರ್ಭಕ್ಕೆ ಗೂಗಲ್‌ನ ಸಹಾಯ ಪುಟ ಕೊಡೋ ಸಲಹೆ ಏನು ಗೊತ್ತಾ? ನೀವು ಯಾವಾಗಲೂ ಬಳಸುವ ಕಂಪ್ಯೂಟರ್, ಅದೇ ಬ್ರೌಸರ್, ಯಾವಾಗಲೂ ಲಾಗಿನ್ ಆಗುವ ಜಾಗದಿಂದ ಪ್ರಯತ್ನಿಸಿ ಅಂತ. ಬಿಟ್ಟು ಬಂದ ಊರಿಗೇ ವಾಪಸ್ ಹೋಗು ಅಂದ ಹಾಗೆ. ಕೇಳೋಕೆ ಕ್ರೂರ ಅನ್ನಿಸಿದರೂ ಡೆನ್ನಿಂಗ್ ಅವರ ಪ್ರಬಂಧ ಓದಿದವರಿಗೆ ಇದು ಆಶ್ಚರ್ಯ ಅಲ್ಲ. ಯಂತ್ರಕ್ಕೆ ಗೊತ್ತಿರೋ "ನೀವು" ಅಂದರೆ ಆ ಲ್ಯಾಪ್‌ಟಾಪ್, ಆ ಮನೆ.

ಹಾಗಾಗಿ ಲಾಕ್ ಆದವರಿಗೆ ಅತಿ ಉಪಯೋಗಕ್ಕೆ ಬರೋದು ಮನೆಯಲ್ಲಿ ಉಳಿದ ಹಳೇ ಯಂತ್ರವೇ. ತೊಂದರೆ ತಂದ ಅದೇ ಲ್ಯಾಪ್‌ಟಾಪ್, ತಮ್ಮ ಲಾಗೌಟ್ ಮಾಡಿರದಿದ್ದರೆ, ಈಗ ಉಳಿಸುತ್ತೆ. ವಿಡಿಯೋ ಕಾಲ್‌ನಲ್ಲಿ ಅಕ್ಕ ಹೇಳಿದ ಹಾಗೆ ತಮ್ಮ ಸೆಟ್ಟಿಂಗ್ಸ್‌ಗೆ ಹೋಗಿ ರಿಕವರಿ ನಂಬರ್ ಬದಲಾಯಿಸಬಹುದು. ಹಳೇ ಆಂಡ್ರಾಯ್ಡ್ ಫೋನ್ ಉಳಿದಿದ್ದರೆ ಅದರಲ್ಲಿ "ಇದು ನೀವೇನಾ?" ಅಂತ ಬಂದಾಗ ಹೌದು ಒತ್ತಬಹುದು. ಒತ್ತೋ ಮುಂಚೆ ಅಕ್ಕನೇ ಕೇಳ್ತಿದ್ದಾಳೆ ಅಂತ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಇಲ್ಲಾಂದ್ರೆ ನಿಜವಾದ ಕಳ್ಳನಿಗೂ ಅದೇ ಗುಂಡಿ ಬಾಗಿಲು ತೆರೆಯುತ್ತೆ. ಸೇಫ್ಟಿ ಅಂತ ಹೊರಡೋ ಹಿಂದಿನ ರಾತ್ರಿ ಎಲ್ಲ ಹಳೇ ಡಿವೈಸ್‌ಗಳಿಂದ ಲಾಗೌಟ್ ಮಾಡಿ, ಫೋನ್ ರೀಸೆಟ್ ಮಾಡಿ ಮಾರಿ ಬಂದವರಿಗೆ ಈ ದಾರಿಯೂ ಇಲ್ಲ.

ಇನ್ನೂ ಹೊರಡದವರಿಗೆ ನನ್ನ ಅಭಿಪ್ರಾಯ ಇಷ್ಟು: ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ಹೊಸ ಫೋನ್ ಕೊಳ್ಳೋದಾದರೆ ಎರಡು ಮೂರು ವಾರ ಮುಂಚೆ ಕೊಂಡು, ಮನೆಯ ವೈಫೈನಲ್ಲೇ ಲಾಗಿನ್ ಆಗಿ ಬಳಸಿ. ಆಗ ಇಳಿದ ದಿನ ಹೊಸದಾಗೋದು ಜಾಗ ಮಾತ್ರ, ಫೋನ್ ಪರಿಚಯದ್ದೇ ಆಗಿರುತ್ತೆ. ಸಿಮ್ ಜೀವಂತ ಇಟ್ಟು ರೋಮಿಂಗ್ ಹಾಕಿಸಿಕೊಳ್ಳಿ. ಪ್ರೀಪೇಡ್ ನಂಬರನ್ನು 90 ದಿನ ಬಳಸದೇ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು, ಆಮೇಲೆ ಅದು ಬೇರೆಯವರ ಕೈಗೂ ಹೋಗುತ್ತೆ. ನಿಮ್ಮ ಓಟಿಪಿ ಆಗ ಅವರಿಗೆ.

ಸಿಮ್ ಬೇಡದ ಸಾಕ್ಷಿಗಳೂ ಇವೆ. ಆಥೆಂಟಿಕೇಟರ್ ಆ್ಯಪ್ ತೋರಿಸೋ ಆರು ಅಂಕಿ ಎಲ್ಲಿಂದಲೋ ಬರೋದಲ್ಲ, ಫೋನಿನೊಳಗೆ ಇಟ್ಟ ಒಂದು ಗುಟ್ಟಿನ ಕೀ ಮತ್ತು ಆ ಹೊತ್ತಿನ ಗಡಿಯಾರ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಲೆಕ್ಕ ಹಾಕೋದು. ಈ ವಿಧಾನ 2011ರಲ್ಲಿ ಆರ್‌ಎಫ್‌ಸಿ 6238 ಆಗಿ ಬಂತು. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತೆ, ಫೋನಿನ ಗಡಿಯಾರ ಸರಿ ಇರಬೇಕಷ್ಟೇ. ಇನ್ನೂ ಸರಳವಾದದ್ದು ಬ್ಯಾಕಪ್ ಕೋಡ್. ಗೂಗಲ್ ಒಂದು ಸಲಕ್ಕೆ ಎಂಟೆಂಟು ಅಂಕಿಯ ಹತ್ತು ಕೋಡ್ ಕೊಡುತ್ತೆ, ಒಂದೊಂದೂ ಒಂದೇ ಸಲ ನಡೆಯೋದು. ಅದನ್ನು ಆ ಮೇಲ್‌ನಲ್ಲೇ ಸೇವ್ ಮಾಡೋರು ಇದ್ದಾರೆ, ಪೆಟ್ಟಿಗೆಯೊಳಗೇ ಬೀಗದ ಕೈ ಇಟ್ಟ ಹಾಗೆ. ಕಾಗದದ ಮೇಲೆ ಪ್ರಿಂಟ್ ತೆಗೆದು ಒಂದು ಪ್ರತಿ ಪಾಸ್‌ಪೋರ್ಟ್ ಚೀಲದಲ್ಲಿ, ಇನ್ನೊಂದು ಪ್ರತಿ ಮನೆಯಲ್ಲಿ ಅಮ್ಮನ ಬೀರುವಿನಲ್ಲಿ ಇರಲಿ. ಬಳಸೋ ದಿನ ಅಮ್ಮ ಫೋನಿನಲ್ಲಿ ಎಂಟು ಅಂಕಿ ಓದಿ ಹೇಳಿದರೆ ಸಾಕು.